ಹಳೇ ಫೋನ್ ಮಾರುವ ಆ್ಯಪ್: ಕೊಸರಾಡುವ ಗಿರಾಕಿಯೇ ವಾಸಿ

ಮನೆಯಲ್ಲಿ ಸುಮ್ನೆ ಬಿದ್ದಿರುವ ಫೋನು, ಸ್ಪೀಕರು, ಪುಸ್ತಕಗಳನ್ನು ಕೆಲವು ವರ್ಷಗಳಿಂದ ಒಂದೇ ಆ್ಯಪ್‌ನಲ್ಲಿ ಮಾರುತ್ತಾ ಬಂದಿದ್ದೇನೆ. ಹೆಸರು ಬೇಡ, ಈ ತರದವೆಲ್ಲ ಹೆಚ್ಚುಕಮ್ಮಿ ಒಂದೇ. ಫೋಟೊ ಹಾಕೋದು ಸುಲಭ, ಅದರ ಬಗ್ಗೆ ತಕರಾರಿಲ್ಲ. ನನಗೆ ಮೈ ಉರಿಯುವುದು ಜಾಹೀರಾತು ಹಾಕಿದ ಮೊದಲ ಅರ್ಧ ಗಂಟೆ.

ಆ ಹೊತ್ತಿಗೆ ಬರುವವನು ಬ್ಯಾಟರಿ ಹೇಗಿದೆ ಅಂತ ಕೇಳಲ್ಲ, ಬಿಲ್ ಇದೆಯಾ ಅಂತಲೂ ಕೇಳಲ್ಲ. ಹೇಳಿದ ರೇಟಿಗೆ ಒಪ್ಪಿಬಿಡುತ್ತಾನೆ. ತಾನು ಸೈನ್ಯದಲ್ಲಿದ್ದೀನಿ, ಬರೋಕಾಗಲ್ಲ, ಹುಡುಗನ್ನ ಕಳಿಸ್ತೀನಿ ಅಂತ ಗುರುತಿನ ಚೀಟಿಯ ಫೋಟೊ ಬೇರೆ ಕಳಿಸುತ್ತಾನೆ. ನಾವು ಕೇಳದೇ ಇದ್ದರೂ! ಆಮೇಲೆ ಒಂದು ಕ್ಯೂಆರ್ ಕೋಡ್ ಬರುತ್ತದೆ, 'ಸ್ಕ್ಯಾನ್ ಮಾಡಿ, ದುಡ್ಡು ನಿಮ್ಮ ಖಾತೆಗೆ ಬೀಳುತ್ತೆ' ಅಂತ. ಕೆಲವರು ನಂಬಿಕೆ ಬರಲಿ ಅಂತ ಮೊದಲು ಎರಡೋ ಐದೋ ರೂಪಾಯಿ ನಿಜವಾಗಿ ಕಳಿಸುತ್ತಾರೆ. ಮುಂದಿನ ಕೋಡ್‌ನಲ್ಲಿ ಪೂರ್ತಿ ಮೊತ್ತ ಮೊದಲೇ ತುಂಬಿರುತ್ತದೆ, ಕೆಳಗೆ ಪಿನ್ ಕೇಳುತ್ತದೆ. ಯುಪಿಐ ಪಿನ್ ಕೇಳುವುದು ನಮ್ಮ ಖಾತೆಯಿಂದ ಹಣ ಹೋಗಬೇಕಾದಾಗ ಅಥವಾ ಬ್ಯಾಲೆನ್ಸ್ ನೋಡುವಾಗ, ಹಣ ಬರುವುದಕ್ಕೆ ಅದರ ಅವಶ್ಯಕತೆಯೇ ಇಲ್ಲ. ಒಬ್ಬರು ಇನ್ನೊಬ್ಬರಿಗೆ ಹಣ ಕೇಳಿ ಕಳಿಸುವ ಕಲೆಕ್ಟ್ ರಿಕ್ವೆಸ್ಟ್ ಅನ್ನು 2025ರ ಅಕ್ಟೋಬರ್‌ನಿಂದ ನಿಲ್ಲಿಸಿದ್ದಾರೆ, ಆದರೆ ಕ್ಯೂಆರ್ ಆಟ ಅದರಿಂದ ನಿಲ್ಲಲ್ಲ. ಕೊರಿಯರ್ ಹುಡುಗ ಹೊರಟಿದ್ದಾನೆ, ಇನ್ಶೂರೆನ್ಸ್ ದುಡ್ಡು ಕಟ್ಟಿ, ವಾಪಸ್ ಬರುತ್ತೆ ಅನ್ನುವುದು ಇದರ ತಮ್ಮ. ಕೊಳ್ಳುವವನಿಂದ ದುಡ್ಡು ಬರಬೇಕೇ ಹೊರತು ಮಾರುವವನು ಕಟ್ಟುವುದೇನು? ಯಾರಾದರೂ ಪಿನ್ ಒತ್ತಿಯೇಬಿಟ್ಟಿದ್ದರೆ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ಹೇಳಿ. ತಡ ಮಾಡಿದಷ್ಟೂ ಹಣ ಬೇರೆ ಬೇರೆ ಖಾತೆಗೆ ಜಾರುತ್ತದೆ.

ಮೊದಲು ನನಗೆ 'ಲಾಸ್ಟ್ ಎಷ್ಟು ಸರ್' ಅನ್ನುವವರನ್ನು ಕಂಡರೆ ಆಗುತ್ತಿರಲಿಲ್ಲ. ಈಗ ಆ ಪ್ರಶ್ನೆ ಬಂದರೆ ಸಮಾಧಾನ. ಮೋಸಗಾರ ಚೌಕಾಸಿ ಯಾಕೆ ಮಾಡ್ತಾನೆ, ಅವನೇನು ಕೊಡೋದಿದೆಯಾ?

ಹೋದ ಸಲ ಮಾರಿದ್ದು ಮೂರು ವರ್ಷದ ಆಂಡ್ರಾಯ್ಡ್ ಫೋನು. ಎಕ್ಸ್‌ಚೇಂಜ್‌ಗೆ 4,200 ರೂಪಾಯಿ ಹೇಳಿದ್ದರು, ಅದೇ ನನ್ನ ತಳದ ಬೆಲೆ. ಅದೇ ಮಾಡೆಲ್‌ಗೆ ಊರಲ್ಲಿ ಜನ 8,000ದವರೆಗೆ ಹಾಕಿದ್ದರು, ಆದರೆ ಆ ಜಾಹೀರಾತುಗಳು ವಾರಗಟ್ಟಲೆ ಹಾಗೇ ಕೂತಿದ್ದವು. ಅಂದರೆ ಆ ರೇಟಿಗೆ ಯಾರೂ ಕೊಳ್ಳುತ್ತಿಲ್ಲ. ನಾನು 6,800 ಹಾಕಿದೆ, ಮೂಲೆಯ ಗೀರನ್ನು ಹತ್ತಿರದಿಂದ ತೆಗೆದ ಫೋಟೊ ಸಮೇತ.

ಬಂದವನು ಡಿಪ್ಲೊಮಾ ಓದುವ ಹುಡುಗ. ವಿಜಯನಗರದ ಒಂದು ದರ್ಶಿನಿಯಲ್ಲಿ ಕೂತೆವು. ಅವನು ಫೋನ್ ನೋಡಿದ ರೀತಿ ನೋಡಿ ನನಗೇ ಖುಷಿಯಾಯಿತು. ಟಾರ್ಚ್ ಹಾಕಿ ಚಾರ್ಜಿಂಗ್ ಕಿಂಡಿ ಇಣುಕಿದ. ಒಂದು ಐಕಾನ್ ಒತ್ತಿ ಹಿಡಿದು ಪರದೆಯ ಮೂಲೆ ಮೂಲೆಗೂ ಎಳೆದಾಡಿದ, ಟಚ್ ಸತ್ತಿರುವ ಜಾಗವಿದ್ದರೆ ಐಕಾನ್ ಅಲ್ಲೇ ಕೈಬಿಡುತ್ತದಂತೆ. ತನ್ನ ಸಿಮ್ ಹಾಕಿ ಅಮ್ಮನಿಗೆ ಫೋನ್ ಮಾಡಿದ. `*#06#` ಒತ್ತಿ ಐಎಂಇಐ ತೆಗೆದು ಡಬ್ಬಿಯ ಮೇಲಿನ ಸಂಖ್ಯೆಗೆ ಹೋಲಿಸಿ, `KYM` ಅಂತ ಬರೆದು ಜಾಗ ಬಿಟ್ಟು ಆ ಹದಿನೈದು ಅಂಕೆ ಸೇರಿಸಿ 14422ಕ್ಕೆ ಮೆಸೇಜ್ ಕಳಿಸಿದ. ಕದ್ದ ಫೋನೆಂದು ಬ್ಲಾಕ್ ಆಗಿದ್ದರೆ ಅದರಲ್ಲಿ ಗೊತ್ತಾಗುತ್ತದೆ. ಇಷ್ಟೆಲ್ಲ ಆದಮೇಲೆ ಗೀರು ತೋರಿಸಿ 5,500 ಅಂದ. ಕೊಸರಾಡಿ ಕೊಸರಾಡಿ 6,000ಕ್ಕೆ ಮುಗಿಯಿತು, ಹಳೇ ಕವರ್ ಫ್ರೀ.

ಹಣ ಬಂತಾ ಅಂತ ಅವನ ಪರದೆಯ ಹಸಿರು ಟಿಕ್ ನೋಡಿ ಒಪ್ಪಲ್ಲ ನಾನು, ಅಂಥ ಟಿಕ್ ತೋರಿಸುವ ನಕಲಿ ಆ್ಯಪ್‌ಗಳೇ ಇವೆ. ಮೆಸೇಜ್ ಕೂಡ ನಂಬಲ್ಲ, ಬ್ಯಾಂಕಿನ ಹೆಸರಲ್ಲಿ ಬರೆದು ಹತ್ತಂಕಿಯ ಮಾಮೂಲಿ ನಂಬರ್‌ನಿಂದ ಯಾರು ಬೇಕಾದರೂ ಕಳಿಸಬಹುದು. ನನ್ನ ಬ್ಯಾಂಕ್ ಆ್ಯಪ್‌ನಲ್ಲಿ ಬ್ಯಾಲೆನ್ಸ್ ಏರಿದ್ದು ಕಂಡ ಮೇಲೇ ಫೋನ್ ಕೊಟ್ಟದ್ದು. ಹುಡುಗ ಬೇಜಾರು ಮಾಡಿಕೊಳ್ಳಲಿಲ್ಲ.

ಮನೆಯಲ್ಲೇ ಗೂಗಲ್ ಖಾತೆ ತೆಗೆದು ಆಮೇಲೆ ರೀಸೆಟ್ ಮಾಡಿದ್ದೆ. ಖಾತೆ ತೆಗೆಯದೆ ರಿಕವರಿ ಮೆನುವಿನಿಂದ ಅಳಿಸಿದರೆ, ಮತ್ತೆ ಆನ್ ಮಾಡಿದಾಗ ಹಳೇ ಖಾತೆಯ ಪಾಸ್‌ವರ್ಡ್ ಕೇಳುತ್ತದೆ, ಕೊಂಡವನು ಪರದಾಡುತ್ತಾನೆ. ಒಂದು ಚೀಟಿಯಲ್ಲಿ ಐಎಂಇಐ, ತಾರೀಖು, ಬೆಲೆ ಬರೆದು ಇಬ್ಬರೂ ಸಹಿ ಹಾಕಿದೆವು. ನಾಳೆ ಆ ಫೋನಿನಿಂದ ಏನಾದರೂ ಆದರೆ ಬಿಲ್ ನನ್ನ ಹೆಸರಲ್ಲಿದೆ ಅಲ್ವಾ?

ಪುಸ್ತಕಕ್ಕೆ ಇಷ್ಟು ರಾಮಾಯಣ ಬೇಡ. ಬಿಡಿ ಬಿಡಿಯಾಗಿ ಮಾರಿದರೆ ಅಂಚೆ ಖರ್ಚೇ ಬೆಲೆಯನ್ನು ತಿನ್ನುತ್ತದೆ, ಹಾಗಾಗಿ ಐದಾರು ಸೇರಿಸಿ ಕಟ್ಟು ಮಾಡಿ ಹಾಕುತ್ತೇನೆ. ದುಡ್ಡು ಮೊದಲು, ಸ್ಪೀಡ್ ಪೋಸ್ಟ್ ಆಮೇಲೆ, ರಸೀದಿಯ ಫೋಟೊ ಅವತ್ತೇ. ಫೋನ್ ಮಾತ್ರ ಊರಾಚೆಗೆ ಕಳಿಸಲ್ಲ, ಎಷ್ಟು ಜಾಸ್ತಿ ಕೊಟ್ಟರೂ.

ಆ್ಯಪ್‌ಗೆ ಐದರಲ್ಲಿ ಮೂರು ಸ್ಟಾರ್. ದೂರು ಕೊಟ್ಟರೂ ಆ ಸೈನಿಕರ ಖಾತೆಗಳು ಬೇರೆ ಹೆಸರಲ್ಲಿ ಮತ್ತೆ ಬರುತ್ತವೆ, ಒಂದೂವರೆ ಸ್ಟಾರ್ ಅದಕ್ಕೇ ಕಟ್. ಇನ್ನರ್ಧ, ಜಾಹೀರಾತು ಮೇಲೆ ಬರಲಿ ಅಂತ ದಿನಾ ದುಡ್ಡು ಕೇಳುವುದಕ್ಕೆ.