ಯೋಜನಾ ವರದಿಯ ಎಕ್ಸೆಲ್ ಟೆಂಪ್ಲೇಟ್: ಹಲವು ತೊಗರಿ ಹಂಗಾಮುಗಳ ಬಳಕೆಯ ನಂತರ

ಕಲಬುರಗಿಯಲ್ಲಿ ಸಣ್ಣ ಬೇಳೆ ಗಿರಣಿ ಹಾಕಲು ಹೊರಟವರಿಗೆ ಬ್ಯಾಂಕಿನ ಯೋಜನಾ ವರದಿ ಸಿದ್ಧಪಡಿಸಿಕೊಡುವುದು ನನ್ನ ಕೆಲಸ. ಅದಕ್ಕಾಗಿ ಕೆಲವು ವರ್ಷಗಳಿಂದ ಹಣ ಕೊಟ್ಟು ಬಳಸುತ್ತಿರುವ ಟೆಂಪ್ಲೇಟ್ ಒಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಲೆಕ್ಕ ಅಚ್ಚುಕಟ್ಟಾಗಿದೆ, ಮುದ್ರಣ ಚೆನ್ನಾಗಿ ಬರುತ್ತದೆ, ಬ್ಯಾಂಕಿನವರು ಕೇಳುವ ಪಟ್ಟಿಗಳೆಲ್ಲ ಇವೆ. ಆದರೆ ಹೊಸ ಉದ್ಯಮಿಗಳು ಲಾಭ-ನಷ್ಟ ಪಟ್ಟಿಯನ್ನೇ ನಗದು ಹರಿವು ಎಂದು ತಿಳಿಯುವುದಕ್ಕೆ ಇದರ ಒಂದು ಕೋಶ ನೇರ ಕಾರಣವಾಗುತ್ತದೆ.

ಮಾರಾಟದ ಹಣ ಎಷ್ಟು ದಿನಕ್ಕೆ ಕೈಸೇರುತ್ತದೆ ಎಂಬುದನ್ನು ತುಂಬುವ ಕೋಶ ಅದು. ಅದರಲ್ಲಿ ಮೊದಲೇ ಸೊನ್ನೆ ತುಂಬಿರುತ್ತದೆ. ಯಾರೂ ಅದನ್ನು ಬದಲಿಸದಿದ್ದರೆ ಮಾರಿದ ದಿನವೇ ಹಣ ಬಂದಂತೆ ಲೆಕ್ಕವಾಗಿ, ಎರಡೂ ಪಟ್ಟಿಗಳು ಹೆಚ್ಚುಕಡಿಮೆ ಒಂದೇ ರೀತಿ ಕಾಣುತ್ತವೆ. ನಮ್ಮ ವ್ಯಾಪಾರದ ರೀತಿ ಬೇರೆ. ತೊಗರಿ ಕೊಟ್ಟ ಅಡತಿ ಅಂಗಡಿಗೆ ಹಣವನ್ನು ಕೆಲವೇ ದಿನಗಳಲ್ಲಿ ಕೊಡಬೇಕು, ಬೇಳೆ ಮಾತ್ರ ಉದ್ದರಿಯಲ್ಲಿ ಹೋಗುತ್ತದೆ.

ನಾನು ಎಲ್ಲರಿಗೂ ತೋರಿಸುವ ಮಾದರಿ ಲೆಕ್ಕ ಹೀಗಿದೆ. ತಿಂಗಳಿಗೆ 100 ಕ್ವಿಂಟಲ್ ತೊಗರಿಯನ್ನು 8 ಲಕ್ಷ ರೂಪಾಯಿಗೆ ಕೊಂಡು, ಅದೇ ತಿಂಗಳು ಒಡೆದು ಮಾರುತ್ತೇವೆ ಎಂದಿಟ್ಟುಕೊಳ್ಳೋಣ. ಬೇಳೆಯಿಂದ 8.40 ಲಕ್ಷ, ಚುನ್ನಿ-ಹೊಟ್ಟಿನಿಂದ 60 ಸಾವಿರ ಬರಬೇಕು. ಕೂಲಿ, ವಿದ್ಯುತ್, ಚೀಲಕ್ಕೆ 50 ಸಾವಿರ ಖರ್ಚು. ಯಂತ್ರಕ್ಕೆ ತೆಗೆದ 12 ಲಕ್ಷ ಸಾಲಕ್ಕೆ ತಿಂಗಳ ಬಡ್ಡಿ ಆರಂಭದಲ್ಲಿ 10 ಸಾವಿರ, ಅಸಲು 20 ಸಾವಿರ. ಯಂತ್ರದ ಸವಕಳಿ 15 ಸಾವಿರ. ಅಸಲಿನ ಮರುಪಾವತಿ ಖರ್ಚಲ್ಲವಾದ್ದರಿಂದ ಅದು ಲಾಭ-ನಷ್ಟ ಪಟ್ಟಿಗೆ ಬರುವುದಿಲ್ಲ. ಹೀಗಾಗಿ ತಿಂಗಳಿಗೆ 25 ಸಾವಿರ ಲಾಭ ಕಾಣಿಸುತ್ತದೆ.

ಈಗ ಆ ಕೋಶದಲ್ಲಿ 60 ದಿನ ಎಂದು ತುಂಬಬೇಕು. ಚುನ್ನಿ-ಹೊಟ್ಟು ನಗದಿಗೇ ಹೋಗುತ್ತದೆ ಎಂದಿಟ್ಟುಕೊಂಡರೆ, ಮೊದಲ ತಿಂಗಳು ಕೈಗೆ ಬರುವುದು ಅದರ 60 ಸಾವಿರ ಮಾತ್ರ, ಹೋಗುವುದು 8.80 ಲಕ್ಷ. ಎರಡನೆಯ ತಿಂಗಳೂ ಇದೇ ಆಗುವುದರಿಂದ ಕೊರತೆ 16.40 ಲಕ್ಷಕ್ಕೆ ಮುಟ್ಟುತ್ತದೆ. ಮೂರನೆಯ ತಿಂಗಳಿನಿಂದ ಹಳೆಯ ಬಾಕಿ ಬರತೊಡಗಿ 20 ಸಾವಿರ ಉಳಿಯುತ್ತದೆ: 25 ಸಾವಿರ ಲಾಭಕ್ಕೆ, ನಗದಾಗಿ ಹೊರಹೋಗದ 15 ಸಾವಿರ ಸವಕಳಿಯನ್ನು ಕೂಡಿಸಿ, 20 ಸಾವಿರ ಅಸಲು ಕಳೆದರೆ ಬರುವ ಮೊತ್ತ ಇದೇ. ಲಾಭದ ಲೆಕ್ಕ ಎಲ್ಲಿಯೂ ತಪ್ಪಿಲ್ಲ. ಆದರೂ ಗಿರಣಿ ಎರಡನೆಯ ತಿಂಗಳು ತೊಗರಿ ಕೊಳ್ಳಲಾರದೆ ನಿಲ್ಲಬಹುದು. "ಲಾಭ ಕಾಣಸ್ತದಲ್ರಿ, ಮತ್ತ ರೊಕ್ಕ ಎಲ್ಲಿ ಹೋತು?" ಎಂದು ಕೇಳುವವರಿಗೆ ನಾನು ಈ ಎರಡು ತಿಂಗಳ ಸಾಲುಗಳನ್ನೇ ತೋರಿಸುತ್ತೇನೆ.

ಕೊರತೆಯನ್ನು ಕ್ಯಾಶ್ ಕ್ರೆಡಿಟ್ ಸಾಲದಿಂದ ತುಂಬಿದರೆ ವಿಷಯ ಮುಗಿಯುವುದಿಲ್ಲ. ಶೇಕಡ 10ರ ದರದಲ್ಲಿ 16.40 ಲಕ್ಷಕ್ಕೆ ತಿಂಗಳ ಬಡ್ಡಿ ಸುಮಾರು 13,700 ರೂಪಾಯಿ ಆಗುತ್ತದೆ, ಅಂದರೆ ತೋರಿಸಿದ ಲಾಭದ ಅರ್ಧಕ್ಕಿಂತ ಹೆಚ್ಚು. ಅದಲ್ಲದೆ ಬ್ಯಾಂಕು ದಾಸ್ತಾನು ಮತ್ತು ಬಾಕಿಯ ಪೂರ್ತಿ ಮೌಲ್ಯಕ್ಕೆ ಸಾಲ ಕೊಡದೆ ಒಂದು ಭಾಗವನ್ನು ಮಾರ್ಜಿನ್ ಎಂದು ಹಿಡಿಯುವುದರಿಂದ, ಆ ಭಾಗಕ್ಕೆ ಸ್ವಂತ ಹಣವೇ ಬೇಕು. ಟೆಂಪ್ಲೇಟ್ ಈ ಬಡ್ಡಿಯನ್ನು ತಾನಾಗಿ ಲಾಭ-ನಷ್ಟ ಪಟ್ಟಿಗೆ ಒಯ್ಯುವುದಿಲ್ಲ, ನಾವೇ ಸೇರಿಸಬೇಕು. ನನಗೆ ಇದು ದೊಡ್ಡ ದೋಷವೆನಿಸುತ್ತದೆ, ಏಕೆಂದರೆ ಎರಡು ಪಟ್ಟಿಗಳು ಒಂದನ್ನೊಂದು ಮುಟ್ಟುವ ಜಾಗವೇ ಇದು.

ಇನ್ನೊಂದು ದೋಷವೆಂದರೆ, ನಗದು ಹರಿವಿನ ಮುಖ್ಯ ಹಾಳೆ ವರ್ಷಕ್ಕೊಂದು ಕಾಲಂ ಮಾತ್ರ ತೋರಿಸುತ್ತದೆ. ಹಂಗಾಮಿನ ತೊಗರಿ ಡಿಸೆಂಬರ್‌ನಿಂದ ಮಾರುಕಟ್ಟೆಗೆ ಬರುತ್ತದೆ. ಆಗಲೇ ಹಲವು ತಿಂಗಳಿಗೆ ಬೇಕಾದಷ್ಟು ಕೊಂಡಿಡುವವರ ಕೊರತೆ ಇನ್ನೂ ಆಳವಾಗಿರುತ್ತದೆ. ವರ್ಷದ ಮೊತ್ತದಲ್ಲಿ ಅದು ಕಾಣುವುದಿಲ್ಲ. ಒಳಗೆ ಮರೆಯಾಗಿಟ್ಟಿರುವ ತಿಂಗಳವಾರು ಹಾಳೆಯನ್ನು ತೆರೆದು, ಅತಿ ಕಡಿಮೆ ಶಿಲ್ಕು ಇರುವ ತಿಂಗಳನ್ನು ಮೊದಲು ನೋಡಬೇಕು.

ಹೊಸಬರನ್ನು ಈ ವಿಷಯದಲ್ಲಿ ದೂರುವುದು ನ್ಯಾಯವಲ್ಲ. ಅವರಿಗೆ ಪರಿಚಯವಿರುವುದು ತೆರಿಗೆಗಾಗಿ ಮಾಡಿಸುವ ಲಾಭ-ನಷ್ಟ ಪಟ್ಟಿ ಮತ್ತು ಆಸ್ತಿ-ಹೊಣೆ ಪಟ್ಟಿ. 2013ರ ಕಂಪನಿ ಕಾಯ್ದೆಯೂ ಸಣ್ಣ ಕಂಪನಿಗಳಿಗೆ, ಏಕವ್ಯಕ್ತಿ ಕಂಪನಿಗಳಿಗೆ ನಗದು ಹರಿವು ಪಟ್ಟಿಯಿಂದ ವಿನಾಯಿತಿ ಕೊಟ್ಟಿದೆ. ಹೀಗಾಗಿ ಅನೇಕರು ಆ ಪಟ್ಟಿಯನ್ನು ಮೊದಲ ಬಾರಿ ನೋಡುವುದೇ ಯೋಜನಾ ವರದಿಯಲ್ಲಿ.

ಸಹಾಯಧನದ ಸಾಲನ್ನೂ ತಿದ್ದಿಕೊಳ್ಳಬೇಕು. ಕಿರು ಆಹಾರ ಸಂಸ್ಕರಣೆಗೆ ಕೇಂದ್ರ ರೂಪಿಸಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಅರ್ಹ ಯೋಜನಾ ವೆಚ್ಚದ ಶೇಕಡ 35, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನವಿದೆ. ಟೆಂಪ್ಲೇಟ್ ಅದನ್ನು ಮೊದಲ ತಿಂಗಳ ನಗದು ಒಳಹರಿವೆಂದು ತೋರಿಸುತ್ತದೆ. ಆದರೆ ಆ ಹಣ ಸಾಲ ಕೊಟ್ಟ ಬ್ಯಾಂಕಿನಲ್ಲೇ ಉಳಿದು, ಮೂರು ವರ್ಷಗಳ ನಂತರ, ಸಾಲದ ಖಾತೆ ಸುಸ್ಥಿತಿಯಲ್ಲಿದ್ದರೆ ಹೊಂದಾಣಿಕೆಯಾಗುತ್ತದೆ. ತೊಗರಿ ಕೊಳ್ಳಲು ಅದು ಸಿಗುವುದಿಲ್ಲ.

ಈ ತಿದ್ದುಪಡಿಗಳನ್ನು ಮಾಡಿಕೊಳ್ಳಬಲ್ಲವರಿಗೆ ನನ್ನ ಅಂಕ ಐದಕ್ಕೆ ನಾಲ್ಕು. ಕೊಟ್ಟದ್ದನ್ನು ಹಾಗೆಯೇ ಮುದ್ರಿಸಿ ಬ್ಯಾಂಕಿಗೆ ಒಯ್ಯುವವರಿಗೆ ಎರಡು.