ಜೋಳದ ರೊಟ್ಟಿ ವಿಡಿಯೊ: ಟೈಟಲ್, ಥಂಬ್‌ನೇಲ್ ಮೊದಲೋ, ಕೊನೆಗೋ, ಜೊತೆಗೋ?

ಯೂಟ್ಯೂಬ್ ವಿಡಿಯೊಗೆ ಟೈಟಲ್, ಥಂಬ್‌ನೇಲ್ ಯಾವಾಗ ಮಾಡಬೇಕು ಎಂಬುದಕ್ಕೆ ಇರುವ ಮೂರು ಕ್ರಮಗಳನ್ನೂ ವಿಜಯಪುರದ ಒಂದೇ ಅಡುಗೆಮನೆಯಲ್ಲಿ, ಒಂದೇ ಅಡುಗೆಗೆ ಹಚ್ಚಿ ನೋಡಿದ್ದು: ಬಿಳಿಜೋಳದ ರೊಟ್ಟಿಗೆ. ಈ ಭಾಗದಲ್ಲಿ ಮನೆಮನೆಯಲ್ಲೂ ರೊಟ್ಟಿ ಬಡಿಯುವುದರಿಂದ ‘ಮಾಡುವ ವಿಧಾನ’ ಎಂದರೆ ಯಾರೂ ನಿಂತು ನೋಡುವುದಿಲ್ಲ. ಕಲಿಯುವವರನ್ನು ಕಾಡುವುದು ಒಂದೇ ಪ್ರಶ್ನೆ: ಅಂಚು ಯಾಕೆ ಸೀಳುತ್ತದೆ?

ಹೆಚ್ಚಿನವರು ಹಿಡಿಯುವುದು ಮೊದಲ ಕ್ರಮ. ಸ್ಕ್ರಿಪ್ಟ್ ಬರೆದು, ಶೂಟ್ ಮತ್ತು ಎಡಿಟ್ ಮುಗಿಸಿ, ಕೊನೆಗೆ ವಿಡಿಯೊದಿಂದಲೇ ಒಂದು ಚಿತ್ರ ಎತ್ತಿ ಥಂಬ್‌ನೇಲ್ ಮಾಡುವುದು. ಕೆಲಸ ಬೇಗ ಆಗುತ್ತದೆ, ಚಿತ್ರ ಮಾತ್ರ ಕೆಡುತ್ತದೆ. ಉಬ್ಬಿದ ರೊಟ್ಟಿ ಹಾಗೇ ನಿಲ್ಲುವುದು ಕೆಲವೇ ಸೆಕೆಂಡು. ಅಷ್ಟರಲ್ಲಿ ಹಬೆ ಏಳುತ್ತದೆ, ಕೈ ಅಡ್ಡ ಬರುತ್ತದೆ, ಚಲನೆಯಲ್ಲಿ ಅಂಚು ಮಸುಕಾಗುತ್ತದೆ. ಸ್ಟೀಲ್ ತಾಟಿನಲ್ಲಿಟ್ಟ ಬಿಳಿ ರೊಟ್ಟಿಯಂತೂ ಫೋನಿನಲ್ಲಿ ಬರೀ ಬೆಳಕಿನ ಚುಕ್ಕೆ. ಟೈಟಲ್ಲೂ ಸಪ್ಪೆಯಾಗುತ್ತದೆ. ಹಿಟ್ಟು, ನೀರು, ಹಂಚು, ಉರಿ ಎಲ್ಲಕ್ಕೂ ಸಮನಾಗಿ ಸಮಯ ಕೊಟ್ಟ ವಿಡಿಯೊಗೆ ‘ಉತ್ತರ ಕರ್ನಾಟಕ ಶೈಲಿಯ ಜೋಳದ ರೊಟ್ಟಿ’ ಎನ್ನದೆ ಬೇರೆ ಏನೂ ಅನ್ನಲು ಬರುವುದಿಲ್ಲ.

ಎರಡನೆಯದು ಅದರ ತದ್ವಿರುದ್ಧ: ಟೈಟಲ್, ಥಂಬ್‌ನೇಲ್ ಎರಡನ್ನೂ ಮೊದಲೇ ಗಟ್ಟಿ ಮಾಡಿ ಅದಕ್ಕೆ ತಕ್ಕಂತೆ ಸ್ಕ್ರಿಪ್ಟ್ ಹೊಂದಿಸುವುದು. ‘ಒಂದು ರೊಟ್ಟಿನೂ ಸೀಳಲ್ಲ’ ಎಂದು ಬರೆದುಕೊಂಡರೆ ನೋಡಲು ಜೋರಾಗಿರುತ್ತದೆ. ಆದರೆ ಹಿಟ್ಟು ನಮ್ಮ ಟೈಟಲ್ ಕೇಳುವುದಿಲ್ಲ. ಬೀಸಿಸಿ ಬಹಳ ದಿನವಾದ ಹಿಟ್ಟಿಗೆ ಜಿಗಿ ಕಡಿಮೆ, ಎಸರು ಹಾಕಿದರೂ ಅಂಚು ಬಿರಿಯಬಹುದು. ಆಗ ಸೀಳಿದ್ದನ್ನೆಲ್ಲ ಕತ್ತರಿಸಿ ಚೆಂದದ್ದನ್ನಷ್ಟೇ ಉಳಿಸುವ ಆಸೆ ಹುಟ್ಟುತ್ತದೆ, ಮನೆಯಲ್ಲಿ ಮಾಡಿ ಸೋತವರು ಕಾಮೆಂಟಿನಲ್ಲಿ ಬಂದು ಕೇಳುತ್ತಾರೆ.

ಮೂರನೆಯದರಲ್ಲಿ ಟೈಟಲ್, ಥಂಬ್‌ನೇಲ್, ಸ್ಕ್ರಿಪ್ಟ್ ಮೂರೂ ಒಂದೇ ಹಾಳೆಯ ಮೇಲೆ ಬೆಳೆಯುತ್ತವೆ. ಹಾಳೆಯ ಮೇಲ್ಭಾಗದಲ್ಲಿ ಎರಡು ಮೂರು ಕಚ್ಚಾ ಟೈಟಲ್, ಪಕ್ಕದಲ್ಲಿ ಥಂಬ್‌ನೇಲಿಗೆಂದು ಪೆನ್ಸಿಲಿನ ಚೌಕ, ಕೆಳಗೆ ಸ್ಕ್ರಿಪ್ಟ್. ಚೌಕದಲ್ಲಿ ಎಡಕ್ಕೆ ಸೀಳಿದ ರೊಟ್ಟಿ, ಬಲಕ್ಕೆ ಉಬ್ಬಿದ ರೊಟ್ಟಿ ಬರೆದ ಕೂಡಲೇ ಒಂದು ಮಾತು ಹೊಳೆಯುತ್ತದೆ: ಸೀಳಿದ ರೊಟ್ಟಿಯನ್ನು ಬೇಕಂತಲೇ ಮಾಡಬೇಕು. ಹಾಗಾಗಿ ಸ್ಕ್ರಿಪ್ಟಿಗೆ ಇನ್ನೊಂದು ಕಣಕ ಸೇರುತ್ತದೆ. ಒಂದು ಬಟ್ಟಲು ಹಿಟ್ಟಿಗೆ ಸುಮಾರು ಮುಕ್ಕಾಲು ಬಟ್ಟಲು ಎಸರು ಹಾಕಿ ನಾದಿದ್ದು ಒಂದು, ಅರ್ಧ ಬಟ್ಟಲು ಹಿಟ್ಟನ್ನು ತಣ್ಣೀರಿನಲ್ಲೇ ಕಲಸಿದ್ದು ಇನ್ನೊಂದು. ಗೋಧಿಯಲ್ಲಿರುವ ಗ್ಲುಟೆನ್ ಜೋಳದಲ್ಲಿ ಇಲ್ಲ. ಎಸರಿನಲ್ಲಿ ಹಿಟ್ಟಿನ ಪಿಷ್ಟ ಉಬ್ಬಿ ಅಂಟಾದಾಗಲೇ ಹಿಡಿತ ಬರುತ್ತದೆ. ಎರಡರಿಂದಲೂ ಒಂದೊಂದು ಉಂಡೆ ಹಿಡಿದು ಹೆಬ್ಬೆರಳಿನಿಂದ ಒತ್ತಿದರೆ ತಣ್ಣೀರಿನದರ ಅಂಚು ಅಲ್ಲೇ ಬಿರಿಯುತ್ತದೆ, ಎಸರಿನದು ಬಿರಿಯದೆ ಹರಡುತ್ತದೆ. ಈ ಒಂದು ಹತ್ತಿರದ ದೃಶ್ಯವೇ ವಿಡಿಯೊದ ಸಾಕ್ಷಿ. ಮೊದಲ ಕ್ರಮದಲ್ಲಿ ಇದು ನೆನಪಾಗುವುದು ಹಿಟ್ಟು ನಾದಿದ ಪರಾತ ತೊಳೆದಿಟ್ಟ ಮೇಲೆ.

ಸ್ಕ್ರಿಪ್ಟಿನ ಮೊದಲ ಇಪ್ಪತ್ತು ಸೆಕೆಂಡಿನಲ್ಲಿ ಥಂಬ್‌ನೇಲಿನ ಅದೇ ಎರಡು ರೊಟ್ಟಿ ಕಾಣಬೇಕು. ನಮಸ್ಕಾರ, ಚಾನೆಲ್ ಪರಿಚಯ ಎಂದು ತಡಮಾಡಿದರೆ ನೋಡುವವರು ತಪ್ಪು ವಿಡಿಯೊ ಒತ್ತಿದೆವೆಂದು ಹೊರಟುಬಿಡುತ್ತಾರೆ. ಕಾರಣವನ್ನೂ ಅಲ್ಲೇ ಹೇಳಿಬಿಡಿ. ಎಷ್ಟು ಎಸರು, ಎಷ್ಟು ನಾದಬೇಕು ಎಂಬ ವಿವರಕ್ಕೆ ಜನ ಕೂರುತ್ತಾರೆ. ‘ಫೋಟೊ’ ಎಂದು ಸ್ಕ್ರಿಪ್ಟಿನ ಅಂಚಿನಲ್ಲಿ ಗುರುತು ಹಾಕಿದ ಕಡೆ ವಿಡಿಯೊ ನಿಲ್ಲಿಸಿ, ಕಿಟಕಿ ಬೆಳಕಿನಲ್ಲಿ ಕರಿ ಹಂಚಿನ ಮೇಲಿಟ್ಟು ಬೇರೆಯಾಗಿ ಫೋಟೊ ತೆಗೆಯಿರಿ. ಉಬ್ಬಿದ ರೊಟ್ಟಿಗಾಗಿ ಮಾತ್ರ ಎರಡು ಮೂರು ಹೆಚ್ಚಿಗೆ ಬಡಿಯಬೇಕಾದೀತು.

ಚೌಕದಲ್ಲಿ ಅಕ್ಷರ ಎರಡು ಪದ ಮೀರಬಾರದು. ಕನ್ನಡದ ಒತ್ತಕ್ಷರ ಕೆಳಗೆ ಜಾಗ ಕೇಳುತ್ತದೆ, ಚಿಕ್ಕದಾದರೆ ಒಂದಕ್ಕೊಂದು ಅಂಟುತ್ತದೆ. ‘ಬಿಸಿನೀರು’, ‘ತಣ್ಣೀರು’ ಎಂದು ಬರೆದು ನೋಡಿದರೆ ಮೊದಲನೆಯದು ಓದಲು ಬರುತ್ತದೆ, ಎರಡನೆಯದು ತಡವರಿಸುತ್ತದೆ. ‘ಬಿಸಿ’, ‘ತಂಪು’ ಸಾಕು. ಯೂಟ್ಯೂಬ್ ಬಲಗಡೆ ಕೆಳಮೂಲೆಯಲ್ಲಿ ವಿಡಿಯೊದ ಅವಧಿ ತೋರಿಸುವುದರಿಂದ ಆ ಮೂಲೆ ಖಾಲಿ ಇರಲಿ. 1280×720 ಅಳತೆಯಲ್ಲಿ ಮಾಡಿ, ಹೆಬ್ಬೆರಳಿನಷ್ಟಾಗಿಸಿ ಫೋನಿನಲ್ಲಿ ನೋಡಿ.

ಚೌಕದಲ್ಲಿ ಇದ್ದದ್ದನ್ನು ಟೈಟಲ್ ಮತ್ತೆ ಹೇಳಬೇಕಿಲ್ಲ. ‘ಜೋಳದ ರೊಟ್ಟಿ ಅಂಚು ಸೀಳೋದು ಯಾಕ? | jolada rotti’ ಎಂದರೆ ಮುಗಿಯಿತು. ನೂರು ಅಕ್ಷರದ ಮಿತಿ ಇದ್ದರೂ ಪಟ್ಟಿಯಲ್ಲಿ ಉದ್ದ ಟೈಟಲ್ ಕತ್ತರಿಸಿ ಹೋಗುತ್ತದೆ, ಆದ್ದರಿಂದ ಸಮಸ್ಯೆ ಮುಂದೆ ಬರಲಿ. ಇಂಗ್ಲಿಷ್ ಅಕ್ಷರದಲ್ಲಿ ಹುಡುಕುವವರೂ ಇರುವುದರಿಂದ ಆ ಎರಡು ಪದ ಕೊನೆಗೆ.

ಶೇಂಗಾ ಚಟ್ನಿಯಂಥ ಐದು ನಿಮಿಷದ ಅಡುಗೆಗೆ ಮೊದಲ ಕ್ರಮವೇ ಸಾಕು. ಅಲ್ಲಿ ಕೆಡುವುದೂ ಕಡಿಮೆ, ತೋರಿಸುವುದೂ ಕಡಿಮೆ. ರೊಟ್ಟಿ, ಹೋಳಿಗೆಯಂಥ ಕೈಚಳಕದ ಅಡುಗೆಗೆ ಮೂರನೆಯದನ್ನೇ ಹಿಡಿಯಿರಿ, ಟೈಟಲನ್ನು ಮಾತ್ರ ಶೂಟ್ ಮುಗಿಯುವವರೆಗೆ ಪೆನ್ಸಿಲಿನಲ್ಲೇ ಇಡಿ. ಎಸರಿನ ರೊಟ್ಟಿಯೂ ಸೀಳಿದರೆ ‘ಹಳೆ ಹಿಟ್ಟಿನ ರೊಟ್ಟಿ’ ಎಂದು ತಿದ್ದಿ, ಹೊಸದಾಗಿ ಬೀಸಿಸಿದ ಹಿಟ್ಟು ತಂದು ಬಲಗಡೆಯ ರೊಟ್ಟಿಯನ್ನಷ್ಟೇ ಮತ್ತೆ ಬಡಿದು ತೆಗೆದರಾಯಿತು.