ಆತುರದಲ್ಲಿ ಬರೆದ ಒಂದು ಇಮೇಲ್ ಸಾಲು ನನ್ನ ದೂರನ್ನೇ ಮುಳುಗಿಸಿತು

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಮನೆ. ತಾರಸಿಯ ಮೇಲೆ ಅಡಿಕೆ ಒಣಗಿಸಲು ಅನುಕೂಲವಾಗಲೆಂದು ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದೆಸುವ ಕೆಲಸವನ್ನು ಕಳೆದ ಏಪ್ರಿಲ್‌ನಲ್ಲಿ ಒಬ್ಬ ಗುತ್ತಿಗೆದಾರರಿಗೆ ವಹಿಸಿದ್ದೆ. ಒಟ್ಟು 2,40,000 ರೂಪಾಯಿ, ಅದರಲ್ಲಿ 1,50,000 ಮುಂಗಡ. ಕೊಟೇಷನ್‌ನಲ್ಲಿ ಶೀಟಿನ ದಪ್ಪ 0.50 ಮಿ.ಮೀ. ಎಂದಿತ್ತು. ಲಾರಿಯಿಂದ ಇಳಿದ ಶೀಟಿನ ಅಂಚನ್ನು ಬೆರಳಲ್ಲಿ ಒತ್ತಿದರೆ ಬಾಗುತ್ತಿತ್ತು. ವರ್ಕ್‌ಶಾಪ್ ಇಟ್ಟುಕೊಂಡಿರುವ ನೆರೆಯವರು ಮೈಕ್ರೋಮೀಟರ್ ತಂದು ಅಳೆದರು: 0.35.

ಅಂದೇ ರಾತ್ರಿ ಕನ್ನಡದಲ್ಲಿ ಒಂದು ಇಮೇಲ್ ಬರೆದೆ. ಅದರಲ್ಲಿ ಅಳತೆಯ ವಿಷಯ ಒಂದು ಸಾಲು, ನನ್ನ ಸಿಟ್ಟು ಹತ್ತು ಸಾಲು. ಉತ್ತರ ಬರಲಿಲ್ಲ. ಫೋನಿನಲ್ಲಿ ಅವರು ಮಲಯಾಳದಲ್ಲಿ ‘ಬದಲಿಸಿ ಕೊಡುತ್ತೇನೆ’ ಎಂದರು, ವಾಟ್ಸ್‌ಆ್ಯಪ್‌ನಲ್ಲೂ ಹಾಗೆಯೇ ಬರೆದರು. ಮೇ ತಿಂಗಳು ಮುಗಿಯುತ್ತ ಬಂತು, ಮೋಡ ಕಟ್ಟಿತು. ಕಂಗಾಲಾಗಿ ಇಂಗ್ಲಿಷಿನಲ್ಲಿ ಎರಡನೆಯ ಇಮೇಲ್ ಕಳುಹಿಸಿದೆ. ‘ಯಾವ ಶೀಟಾದರೂ ಸರಿ, ಮಳೆಗೆ ಮೊದಲು ಮುಗಿಸಿ, ಬಾಕಿ ಹಣ ಕಳುಹಿಸುತ್ತಿದ್ದೇನೆ’ ಎಂಬುದು ಅದರ ಸಾರ.

ತೆಳು ಶೀಟೇ ತಾರಸಿಗೇರಿತು. ಜುಲೈಯಲ್ಲಿ ಮೊಳೆ ಹೊಡೆದ ತೂತುಗಳ ಸುತ್ತ ಸೀಳು ಬಿಟ್ಟು ನೀರಿಳಿಯಿತು. ವಕೀಲರ ಮೂಲಕ ನೋಟಿಸು ಕಳುಹಿಸಿದೆ. ಅವರ ಕಡೆಯ ಉತ್ತರದಲ್ಲಿ ಎರಡೇ ಅಂಶಗಳಿದ್ದವು. ಮೊದಲ ಇಮೇಲ್ ಕನ್ನಡದಲ್ಲಿತ್ತು, ತಮಗೆ ಕನ್ನಡ ಓದಲು ಬಾರದು. ಎರಡನೆಯದರಲ್ಲಿ ಗ್ರಾಹಕರೇ ಒಪ್ಪಿ ಪೂರ್ತಿ ಹಣ ಕೊಟ್ಟಿದ್ದಾರೆ. ವಾಟ್ಸ್‌ಆ್ಯಪ್‌ನಲ್ಲಿ ಅವರು ‘ಬದಲಿಸುತ್ತೇನೆ’ ಎಂದು ಬರೆದಿದ್ದ ಸಂದೇಶವನ್ನು ಅವರೇ ಅಳಿಸಿಯಾಗಿತ್ತು. ಗ್ರಾಹಕ ಆಯೋಗಕ್ಕೆ ಹೋಗಬಹುದು, ಆದರೆ ‘ಯಾವ ಶೀಟಾದರೂ ಸರಿ’ ಎಂಬ ಸಾಲು ನಿಮ್ಮ ಬೆನ್ನು ಬಿಡುವುದಿಲ್ಲ ಎಂದರು ನಮ್ಮ ವಕೀಲರು. ಕೊನೆಗೆ 25,000ಕ್ಕೆ ರಾಜಿಯಾದೆ.

ನಾನು ಬರೆಯಬೇಕಾಗಿದ್ದ ಇಮೇಲನ್ನು ಆಮೇಲೆ ವಕೀಲರು ಕಾಗದದ ಮೇಲೆ ಬರೆದು ತೋರಿಸಿದರು. ಅದು ಹೀಗಿತ್ತು:

‘ಇಂದು ಮೇ 4, ಬೆಳಿಗ್ಗೆ 11ಕ್ಕೆ ಶೀಟು ಇಳಿಸಲಾಯಿತು. ಮೂರು ಶೀಟುಗಳನ್ನು ಅಳೆದಾಗ ದಪ್ಪ 0.35 ಮಿ.ಮೀ. ಬಂದಿದೆ, ಕೊಟೇಷನ್‌ನಲ್ಲಿ ಇರುವುದು 0.50. ಅಳತೆಯ ಫೋಟೋ ಮತ್ತು ಕೊಟೇಷನ್ ಜೊತೆಗಿವೆ. ಸಂಜೆ ಫೋನಿನಲ್ಲಿ ನೀವು ಇವನ್ನು ಬದಲಿಸುವುದಾಗಿ ಹೇಳಿದಿರಿ. ನಾನು ತಪ್ಪಾಗಿ ಕೇಳಿಸಿಕೊಂಡಿದ್ದರೆ ತಿಳಿಸಿ. ಯಾವ ದಿನ ಬದಲಿಸುತ್ತೀರಿ?’

ಇದರಲ್ಲಿ ‘ಮೋಸ’ ಎಂಬ ಪದವೇ ಇಲ್ಲ. ಕಂಡದ್ದು, ಅಳೆದದ್ದು, ಕೇಳಿಸಿಕೊಂಡದ್ದು ಮಾತ್ರ ಇದೆ. ಕೊನೆಯ ಪ್ರಶ್ನೆ ತುಂಬ ಮುಖ್ಯ. ನಾವು ಕಳುಹಿಸಿದ ಮಾತ್ರಕ್ಕೆ ಎದುರಿನವರು ಓದಿದರೆಂದಾಗುವುದಿಲ್ಲ, ಅವರು ಸುಮ್ಮನಿದ್ದರೆ ಒಪ್ಪಿದರೆಂದೂ ಆಗುವುದಿಲ್ಲ. ‘ಗುರುವಾರ ಬರುತ್ತೇನೆ’ ಎಂದು ಅವರು ಒಂದೇ ಸಾಲು ಮರಳಿ ಬರೆದರೆ ಸಾಕು, ಇಮೇಲ್ ತಲುಪಿದ್ದೂ ದೂರಿನ ವಿಷಯ ಗೊತ್ತಿದ್ದದ್ದೂ ಅವರ ಮಾತಿನಲ್ಲೇ ದಾಖಲಾಗುತ್ತದೆ. ಹಣ ಕೊಡಲೇಬೇಕಾದ ಸಂದರ್ಭದಲ್ಲಿ, ‘ಮಳೆ ಹತ್ತಿರವಿರುವುದರಿಂದ ಕೆಲಸ ನಿಲ್ಲಬಾರದೆಂದು ಇಷ್ಟು ಕೊಡುತ್ತಿದ್ದೇನೆ, ಶೀಟಿನ ದಪ್ಪದ ಬಗೆಗಿನ ನನ್ನ ಆಕ್ಷೇಪ ಹಾಗೆಯೇ ಇದೆ’ ಎಂದು ಸೇರಿಸಬೇಕು. ಈ ಒಂದು ವಾಕ್ಯ ಇದ್ದಿದ್ದರೆ ನನ್ನ ಕಥೆಯೇ ಬೇರೆಯಾಗುತ್ತಿತ್ತು.

ನಮ್ಮ ಊರಿನವರು ಭಾಷೆಯ ವಿಷಯದಲ್ಲಿ ಎಚ್ಚರವಾಗಿರಬೇಕು. ಮಾತು ಮಲಯಾಳದಲ್ಲಿ, ಬರವಣಿಗೆ ಕನ್ನಡದಲ್ಲಿ ಎಂದಾದಾಗ ಎದುರಿನವರಿಗೆ ನುಣುಚಿಕೊಳ್ಳಲು ದಾರಿ ಸಿಗುತ್ತದೆ. ಕನ್ನಡದಲ್ಲಿ ಬರೆಯಿರಿ, ಅದು ನಮ್ಮ ಹಕ್ಕು. ಅದರ ಕೆಳಗೆ ಅದೇ ಇಮೇಲಿನಲ್ಲಿ ಅವರು ಕೊಟೇಷನ್ ಕೊಟ್ಟ ಭಾಷೆಯಲ್ಲೂ ಇಷ್ಟೇ ಸಂಗತಿಯನ್ನು ಬರೆಯಿರಿ. ಕಳುಹಿಸುವ ವಿಳಾಸವೂ ಅವರ ಬಿಲ್ಲಿನ ಮೇಲೆ ಅಚ್ಚಾಗಿರುವುದೇ ಆಗಿರಲಿ.

ಇಮೇಲನ್ನು ಉಳಿಸಿಕೊಳ್ಳುವ ರೀತಿಯಲ್ಲೂ ನಾನು ತಪ್ಪಿದ್ದೆ. ಮಗನಿಗೆ ಫಾರ್ವರ್ಡ್ ಮಾಡಿ, ನನ್ನ ಡಬ್ಬಿಯಲ್ಲಿದ್ದದ್ದನ್ನು ಅಳಿಸಿಬಿಟ್ಟಿದ್ದೆ. ಫಾರ್ವರ್ಡ್ ಮಾಡಿದ ಪ್ರತಿಯಲ್ಲಿ ಮೂಲ ಇಮೇಲ್ ಸಾಗಿ ಬಂದ ದಾರಿಯ ವಿವರ ಇರುವುದಿಲ್ಲ. ಜಿಮೇಲ್‌ನಲ್ಲಾದರೆ ಕಂಪ್ಯೂಟರಿನಲ್ಲಿ ಆ ಇಮೇಲ್ ತೆರೆದು, ಮೂರು ಚುಕ್ಕಿಗಳ ಪಟ್ಟಿಯಲ್ಲಿರುವ Show original ಒತ್ತಿದರೆ ಆ ಇಮೇಲಿನ ಗುರುತಾದ Message-ID, ಸಮಯ ಎಲ್ಲವೂ ಕಾಣುತ್ತವೆ. ಅಲ್ಲಿಂದಲೇ Download Original ಒತ್ತಿ ಫೈಲನ್ನು ಇಳಿಸಿಟ್ಟುಕೊಳ್ಳಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ, ಇಮೇಲಿನ ಮುದ್ರಿತ ಪ್ರತಿಯನ್ನು ಸಾಕ್ಷ್ಯವಾಗಿ ಕೊಡುವಾಗ ಜೊತೆಗೊಂದು ಪ್ರಮಾಣಪತ್ರ ಬೇಕು. ಅದಕ್ಕೆ ಆ ಸಾಧನದ ಹೊಣೆ ಹೊತ್ತವರೂ ಒಬ್ಬ ತಜ್ಞರೂ ಸಹಿ ಹಾಕಬೇಕು. ಆ ಹೊತ್ತಿಗೆ ಮೂಲ ಇಮೇಲ್ ನಿಮ್ಮ ಖಾತೆಯಲ್ಲೇ ಇರಬೇಕು. ಆದ್ದರಿಂದ ಜಗಳ ಮುಗಿಯುವವರೆಗೆ ಒಂದನ್ನೂ ಅಳಿಸಬೇಡಿ, ನಿಮಗೆ ವಿರುದ್ಧವಾಗಿರುವುದನ್ನೂ ಸಹ.